ಎಂಟೂಕಾಲಿನ ಗಾಲಿ, ಏಳೂವರೆಯ ಗಾಲಿ

ನಾನು ಲಾರಿಯ ಹಾರ್ನ್ ಒತ್ತಿದರೆ ವನದುರ್ಗದ ಕೋಟೆಯ ಗೋಡೆ ನಾಲ್ಕು ಬೆರಳು ಹಿಂದೆ ಸರಿಯುತ್ತಿತ್ತು. ನಂಬದವರು ಹೋಗಿ ನೋಡಲಿ, ಈಗಲೂ ಅದು ಸ್ವಲ್ಪ ಹಿಂದೆಯೇ ನಿಂತಿದೆ. ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಯ ರೈಲ್ವೆ ಗೂಡ್ಸ್ ಶೆಡ್ಡಿನವರೆಗೆ ಶೇಂಗಾ ಚೀಲ, ಹತ್ತಿ ಅಂಡಿಗೆ ಹೊತ್ತು ಓಡುತ್ತಿದ್ದ ಡ್ರೈವರುಗಳಲ್ಲಿ ದೇವಿಂದ್ರಪ್ಪನೆಂದರೆ ನಾನೊಬ್ಬನೇ. ಉಳಿದವರೆಲ್ಲ ಸ್ಟೇರಿಂಗ್ ಹಿಡಿದುಕೊಂಡು ಕೂತಿರುತ್ತಿದ್ದರು, ಅಷ್ಟೇ.

ಏಕೀಕರಣವಾಗಿ ನಾಲ್ಕೈದು ವರ್ಷ ಕಳೆದಿತ್ತು. ನಮ್ಮ ಕಡೆ ದಿನಕ್ಕೊಂದು ಹೊಸದು. ನಿಜಾಮನ ಸಿಕ್ಕಾ ನಾಣ್ಯ ಮೊದಲೇ ಹೋಗಿತ್ತು, ಆಮೇಲೆ ಆಣೆ ಹೋಗಿ ನಯಾಪೈಸೆ ಬಂತು, ಸೇರು ಹೋಗಿ ಕಿಲೋ ಬಂತು. ಕೊನೆಗೆ ಹಾದಿಯ ಬದಿಯ ಮೈಲಿಗಲ್ಲನ್ನೂ ಕಿತ್ತು ಕಿಲೋಮೀಟರ್ ಕಲ್ಲು ನೆಟ್ಟರು. ಆದರೆ ಲಾರಿಯ ಮೀಟರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅದು ಮೈಲಿಯನ್ನೇ ಎಣಿಸಿಕೊಂಡು ಕೂತಿತ್ತು.

ನಮ್ಮ ಮಾಲಕಿ ಶಹಾಪುರದ ಖುರ್ಷೀದಬೇಗಂ. ಗಂಡ ತೀರಿಕೊಂಡ ಮೇಲೆ ಎರಡು ಲಾರಿಗಳನ್ನು ವಾಡೆಯ ಪರದೆಯ ಹಿಂದೆ ಕೂತೇ ನಡೆಸುತ್ತಿದ್ದರು. ಒಂದು ನನ್ನದು, ಇನ್ನೊಂದು ಅಯ್ಯಣ್ಣನದು. ಒಂದೇ ಕಂಪನಿ, ಒಂದೇ ಎಂಜಿನ್, ಒಂದೇ ವರ್ಷ ಬಂದ ಜೋಡಿ. ಅಯ್ಯಣ್ಣ ಎಂಥವನೆಂದರೆ, ಎದುರಿಗೆ ಕೋಳಿ ಬಂದರೂ ಗಾಡಿ ನಿಲ್ಲಿಸಿ ದಾರಿ ಬಿಡುವವನು. ಮಾತಾಡಿದರೆ ಪಕ್ಕದವನಿಗೂ ಕೇಳದು. ನಾನು ಮಾತಾಡಿದರೆ ಸುರಪುರದಲ್ಲಿ ಕೇಳುತ್ತಿತ್ತು. ಹೀಗೆ ಇಬ್ಬರೂ ಸೇರಿ ಸರಾಸರಿ ಮನುಷ್ಯರಾಗಿದ್ದೆವು.

ಬೇಗಮರ ಅಣ್ಣನ ಮಗ ಸಿಕಂದರಸಾಹೇಬರು ಹೈದರಾಬಾದಿನಿಂದ ಬಂದು ವ್ಯವಹಾರ ಹಿಡಿದ ವರ್ಷವೇ ಎರಡೂ ಲಾರಿಗಳ ಟೈರು ಬೋಳಾದವು. ಯಾದಗಿರಿ ಸ್ಟೇಷನ್ ರಸ್ತೆಯ ಟೈರಂಗಡಿಗೆ ಅವರೂ ನಾನೂ ಹೋದೆವು. ನಮ್ಮ ಗಾಡಿಗಳಿಗೆ ಕಂಪನಿ ಹಾಕಿ ಕೊಟ್ಟದ್ದು ಎಂಟೂಕಾಲು–ಇಪ್ಪತ್ತು. ಅಂದರೆ ಟೈರಿನ ಅಗಲ ಎಂಟೂಕಾಲು ಇಂಚು, ರಿಮ್ಮಿನ ಅಡ್ಡಳತೆ ಇಪ್ಪತ್ತು ಇಂಚು. ಬೆಲೆ ಮುನ್ನೂರ ಅರವತ್ತು. ಪಕ್ಕದಲ್ಲಿ ಏಳೂವರೆ–ಇಪ್ಪತ್ತು ನಿಂತಿತ್ತು. ಅದೂ ಇಪ್ಪತ್ತಿಂಚಿನದೇ ಆದ್ದರಿಂದ ನಮ್ಮ ರಿಮ್ಮಿಗೆ ಕೂಡುತ್ತಿತ್ತು. ಬೆಲೆ ಇನ್ನೂರ ತೊಂಬತ್ತು.

"ಒಂದಕ್ಕ ಎಪ್ಪತ್ತು ರೂಪಾಯಿ ಉಳೀತದ. ಒಂದು ಗಾಡಿಗೆ ಆರು ಗಾಲಿ. ನಾನೂರ ಇಪ್ಪತ್ತು!" ಸಿಕಂದರಸಾಹೇಬರ ಕಣ್ಣು ಹೊಳೆದವು.

"ಸಾಹೇಬ್ರ, ಚಪ್ಪಲಿ ಅಗ್ಗ ಸಿಕ್ತಂತ ಕಾಲು ಕೊಯ್ಕೊಳ್ತಾರೇನ್ರಿ? ಟೈರಿನ ರೇಟು ಅಂಗಡ್ಯಾಗ ಕೇಳಬಾರ್ದು, ಹಾದ್ಯಾಗ ಕೇಳಬೇಕು. ಸಾವಿರ ಕಿಲೋಮೀಟರ್ ಓಡಾಕ ಎಷ್ಟು ಬೀಳ್ತದ, ಅದು ರೇಟು," ಎಂದೆ.

"ನೀ ಡ್ರೈವರ್ ಅದಿಯೋ, ಮಾಸ್ತರ್ ಅದಿಯೋ?"

"ಎರಡೂ ಹೌದ್ರಿ. ಪಗಾರ ಒಂದರದೇ ಕೊಡ್ತೀರಿ."

ಜಗಳ ವಾಡೆಗೆ ಹೋಯಿತು. ಪರದೆಯ ಹಿಂದಿನಿಂದ ಬೇಗಂ ನಕ್ಕರು. "ಬಾಯಿಲೆ ಯಾಕ ಟೈರ್ ಸವಸ್ತೀರಿ? ದೇವಿಂದ್ರಪ್ಪನ ಗಾಡಿಗಿ ಎಂಟೂಕಾಲು ಹಾಕ್ರಿ, ಅಯ್ಯಣ್ಣನ ಗಾಡಿಗಿ ಏಳೂವರಿ. ಅದೇ ಹಾದಿ, ಅಷ್ಟೇ ಚೀಲ. ಖಂಡೇಪೂಜಿಗಿ ನೋಡೂನು. ಯಾವದು ಸೋವಿ ಬೀಳ್ತದ, ಮುಂದ ಎರಡೂ ಗಾಡಿಗಿ ಅದೇ."

ಮಳೆಗಾಲ ಪೂರ್ತಿ ಓಡಿಸಿದೆವು. ನಾನು ಹೋದಾಗ ಅಯ್ಯಣ್ಣ ಬರುತ್ತಿದ್ದ, ಅವನು ಹೋದಾಗ ನಾನು ಬರುತ್ತಿದ್ದೆ. ಒಂದು ಗಾಡಿ ನಿಂತ ದಿನ ಇನ್ನೊಂದನ್ನೂ ನಿಲ್ಲಿಸುತ್ತಿದ್ದೆವು. ಮುಂದಿನ ಗಾಲಿ ಬೇರೆ ಸವೆಯುತ್ತದೆ, ಹಿಂದಿನದು ಬೇರೆ. ಆದ್ದರಿಂದ ತಿಂಗಳಿಗೊಮ್ಮೆ ಇಬ್ಬರೂ ಗಾಲಿಗಳ ಜಾಗ ಬದಲಿಸಿದೆವು. ಗಾಳಿ ನೋಡಿ ಹಾಕಿಸಿದೆವು. ಆ ಮೂರು ತಿಂಗಳಲ್ಲಿ ಕೃಷ್ಣೆಯೂ ಭೀಮೆಯೂ ಸೇರಿ ನನ್ನ ರಸ್ತೆಗೆ ಬಂದಿದ್ದವು, ನಾನು ಹಾರ್ನ್ ಹೊಡೆದು ಎರಡನ್ನೂ ಅವುಗಳ ಜಾಗಕ್ಕೆ ಕಳಿಸಿದೆ. ಅದಿರಲಿ.

ದಸರೆಯ ಅಷ್ಟಮಿ, ಖಂಡೇಪೂಜೆಯೆಂಬ ನಮ್ಮ ಆಯುಧಪೂಜೆಯ ಹಿಂದಿನ ದಿನ, ಯಾದಗಿರಿಯ ಗೂಡ್ಸ್ ಶೆಡ್ಡಿನಲ್ಲಿ ಎರಡೂ ಗಾಡಿಗಳು ಒಟ್ಟಿಗೆ ನಿಂತವು. ಅಳೆಯಲು ನಾನು ಚೀಲ ಹೊಲಿಯುವ ದಬ್ಬಣ ತಂದಿದ್ದೆ. ಅದರ ಮೇಲೆ ಅರದಿಂದ ಸಮನಾಗಿ ಗೆರೆ ಕೊರೆದಿದ್ದೆ. ಟೈರಿನ ಹೂವಿನ, ಅಂದರೆ ನೆಲ ಮುಟ್ಟುವ ಅಚ್ಚಿನ, ಸಂದಿಗೆ ದಬ್ಬಣ ಇಳಿಸಿದರೆ ಎಷ್ಟು ಗೆರೆ ಮುಳುಗುತ್ತದೋ ಅಷ್ಟು ರಬ್ಬರು ಉಳಿದಿದೆ ಎಂದರ್ಥ. ಹೊಸದರಲ್ಲಿ ಎರಡೂ ಬಗೆಯವು ಹದಿನಾಲ್ಕು ಗೆರೆ ಮುಳುಗಿಸಿಕೊಂಡಿದ್ದವು. ಕೊನೆಯ ಎರಡು ಗೆರೆ ಉಳಿದಾಗ ಟೈರು ಬಿಚ್ಚಬೇಕು, ಇಲ್ಲದಿದ್ದರೆ ನಾವೇ ಬಿಚ್ಚಿಹೋಗುತ್ತೇವೆ. ಹಾಗಾಗಿ ಸವೆಸಲು ಸಿಗುವುದು ಹನ್ನೆರಡು ಗೆರೆ.

ಆರಾರು ಗಾಲಿ ನೋಡಿ ಸರಾಸರಿ ಹಿಡಿದೆವು. ನನ್ನವು ನಾಲ್ಕು ಗೆರೆ ಸವೆದಿದ್ದವು. ಅಯ್ಯಣ್ಣನವು ಐದು.

"ನೋಡ್ರಿ!" ಎಂದು ನಾನು ಹಮಾಲರ ಕಡೆ ತಿರುಗಿ ಮೀಸೆ ಮುಟ್ಟಿದೆ.

"ತಡಿ," ಎಂದ ಸಿಕಂದರಸಾಹೇಬರು ಎರಡೂ ಲಾರಿಗಳ ಮೀಟರು ನೋಡಿದರು. ನನ್ನದು ಹೊಸ ಟೈರು ಹಾಕಿದಾಗಿನಿಂದ ಆರು ಸಾವಿರದ ಇನ್ನೂರ ಐವತ್ತು ಮೈಲಿ ಓಡಿತ್ತು. ಒಂದು ಮೈಲಿಗೆ ಒಂದು ಪಾಯಿಂಟ್ ಆರು ಹಿಡಿದರೆ ಹತ್ತು ಸಾವಿರ ಕಿಲೋಮೀಟರ್. ಅಯ್ಯಣ್ಣನದು ಆರು ಸಾವಿರದ ಐನೂರ ಇಪ್ಪತ್ತೈದು ಮೈಲಿ: ಹತ್ತು ಸಾವಿರದ ನಾನೂರ ನಲವತ್ತು ಕಿಲೋಮೀಟರ್.

ಸಾಹೇಬರ ಲೆಕ್ಕ ಚುರುಕಾಗಿತ್ತು, ಸುಳ್ಳು ಹೇಳಬಾರದು. ನನ್ನ ಟೈರು ನಾಲ್ಕು ಗೆರೆಗೆ ಹತ್ತು ಸಾವಿರ. ಹನ್ನೆರಡಕ್ಕೆ ಮೂವತ್ತು ಸಾವಿರ. ಮುನ್ನೂರ ಅರವತ್ತನ್ನು ಮೂವತ್ತರಿಂದ ಭಾಗಿಸಿದರೆ ಸಾವಿರ ಕಿಲೋಮೀಟರಿಗೆ ಹನ್ನೆರಡು ರೂಪಾಯಿ. ಅಯ್ಯಣ್ಣನ ಟೈರು ಮೀಟರಿನ ಪ್ರಕಾರ ಇಪ್ಪತ್ತೈದು ಸಾವಿರ ಚಿಲ್ಲರೆ ಬಾಳುತ್ತದೆ. ಸಾವಿರಕ್ಕೆ ಹನ್ನೊಂದು ರೂಪಾಯಿ ಐವತ್ತೇಳು ಪೈಸೆ.

"ಮಾಸ್ತರ್ ಫೇಲಾದ," ಎಂದು ಸಾಹೇಬರು ಕೈ ಝಾಡಿಸಿದರು. ಹಮಾಲರು ಹೋ ಎಂದು ನಕ್ಕರು. ಅಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಆದರೆ ಅವರು ಅಯ್ಯಣ್ಣನ ಕಡೆ ತಿರುಗಿದರು.

"ಹೋಗಿ ಬಂದ ಖೇಪು ಇಬ್ಬರದೂ ಅಷ್ಟೇ. ಸ್ಟೇಷನ್ನಿನ ರಸೀದಿ ಅಷ್ಟೇ. ನಿಂದು ಎರಡುನೂರ ಎಪ್ಪತ್ತೈದು ಮೈಲಿ ಜಾಸ್ತಿ ಎಲ್ಲಿಂದ ಬಂತೋ? ಹತ್ತಿಕುಣ್ಯಾಗ ನಿನ್ನ ಮಾವನ ಕುರಿ ಅವ ಅಲ್ಲ? ನಮ್ಮ ಗಾಡಿ ಮ್ಯಾಲ ಕುರಿ ಹೇರಿಕೊಂಡು ಸಂತಿ ಮಾಡ್ಯಾನ ಮಗ! ಚೋರ್!"

ಅಯ್ಯಣ್ಣನ ತುಟಿ ಅಲ್ಲಾಡಿದವು. "ಇಲ್ರೀ ಸಾಹೇಬ್ರ... ಒಂದು ಮರೀನೂ ಹೇರಿಲ್ರಿ," ಎಂದ. ಅವನಿಗೇ ಕೇಳಿಸಿತೋ ಇಲ್ಲವೋ.

"ನಾಳಿ ಪೂಜಿ ಆದಮ್ಯಾಲ ಕೀಲಿ ಇಟ್ಟು ಹೋಗು."

"ಸಾಹೇಬ್ರ," ನಾನೆಂದೆ, "ಅವ ಕಳ್ಳ ಅಂದ್ರ ನಾ ದರೋಡೆಖೋರ. ಅವನ ಕೀಲಿ ತಗೊಂಡ್ರ ನಂದೂ ತಗೋರಿ."

"ನಿನಗೇನು ಗೊತ್ತು ಅವ ಹೋಗಿಲ್ಲಂತ?"

"ಗೊತ್ತಿಲ್ರಿ. ಆದರ ಹೋಗಿಲ್ಲ."

"ಮತ್ತ ಮೀಟರ್ ಸುಳ್ಳು ಹೇಳ್ತದೇನು?"

"ಹೇಳ್ತದ್ರಿ. ನಾನೇ ಹೇಳಾಂಗಿದ್ರ, ಮೀಟರಿಗೇನು ಧಾಡಿ?"

ಜಂಬ ಹೊಡೆದದ್ದೇನೋ ಆಯಿತು. ಆದರೆ ಆ ಎರಡುನೂರ ಎಪ್ಪತ್ತೈದು ಮೈಲಿ ಎಲ್ಲಿಂದ ಬಂದವೆಂದು ನನಗೂ ತಿಳಿದಿರಲಿಲ್ಲ. ಶಹಾಪುರದವರೆಗೂ ಅದನ್ನೇ ಅಗಿಯುತ್ತಾ ಬಂದೆ. ಮೀಟರಿನ ತಂತಿ ಬಿಚ್ಚಿ ನೋಡಿದೆ, ಸರಿಯಿತ್ತು. ಅಯ್ಯಣ್ಣನನ್ನೂ ಬಿಚ್ಚಿ ನೋಡಿದೆ.

"ಲೇ, ಖರೇ ಹೇಳು. ಮಾವನ ಮನಿಗಿ ಹೋಗಿದ್ದೇನು?"

"ಅಣ್ಣಾ, ಮೂರು ತಿಂಗಳಾತು ಹೆಂಡತಿ ಮಾರಿನೇ ನೋಡಿಲ್ಲ. ಆಕಿ ಅಲ್ಲೇ ತವರಾಗ ಅದಾಳ. ಹೋಗಿದ್ರ ಆಕಿ ಹೋಗೂ ಬರೂ ಮಂದಿ ಕೈಲೆ ಇಷ್ಟು ಬೈಗಳ ಹೇಳಿ ಕಳಸ್ತಿದ್ಲೇನು?"

ಇದಕ್ಕಿಂತ ದೊಡ್ಡ ಸಾಕ್ಷಿ ಹೈಕೋರ್ಟಿನಲ್ಲೂ ಸಿಗುವುದಿಲ್ಲ. ಆದರೆ ಸಿಕಂದರಸಾಹೇಬರಿಗೆ ಹೆಂಡತಿಯಿರಲಿಲ್ಲ, ಅರ್ಥವಾಗುವಂತಿರಲಿಲ್ಲ.

ನವಮಿಯ ಬೆಳಿಗ್ಗೆ ವಾಡೆಯ ಮುಂದೆ ಎರಡೂ ಲಾರಿಗಳನ್ನು ತೊಳೆದು ಒಂದೇ ಸಾಲಿಗೆ ನಿಲ್ಲಿಸಿದೆವು. ಖಂಡೇಪೂಜೆಗೆ ಕಾಯಿ, ಸಕ್ಕರೆ ಪ್ರತಿ ವರ್ಷ ಬೇಗಮರ ಮನೆಯಿಂದಲೇ ಬರುತ್ತಿತ್ತು. ವಾಡೆ ಸಾರಿಸುವ ಭೀಮವ್ವ ಸುಣ್ಣದ ಬಕೆಟ್ ಹಿಡಿದು ಬಂದಳು. ಮಂದಿ ಟೈರಿನ ಬದಿಗೆ ಗೆರೆ ಎಳೆಯುತ್ತಾರೆ. ನಮ್ಮ ಭೀಮವ್ವನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಪ್ರತಿ ಗಾಲಿಯ ಮುಂದೆ ಕೂತು, ಬದಿಯಿಂದ ಹಿಡಿದು ನೆಲ ಮುಟ್ಟುವ ಹೂವಿನವರೆಗೆ ಅಂಗೈ ಅಗಲದ ಪಟ್ಟಿ ಬಳಿದಳು. ಬಡಿಸಿದಳು ಎನ್ನಬೇಕು, ಹೋಳಿಗೆಯ ಮೇಲೆ ತುಪ್ಪ ಸುರಿದಂತೆ.

ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಹತ್ತಿಸಿ ಗಾಡಿಗಳನ್ನು ಮುಂದೆ ಬಿಡಬೇಕು. ಅಯ್ಯಣ್ಣ ಕೊನೆಯ ಸಲ ಎನ್ನುವಂತೆ ಸ್ಟೇರಿಂಗಿಗೆ ಕೈ ಮುಗಿದು ಹತ್ತಿದ. ವಾಡೆಯ ಮುಂದಿನ ಅಂಗಳವೆಲ್ಲ ಶಹಾಬಾದಿನ ಕಲ್ಲು, ಕನ್ನಡಿಯಂತೆ. ಇಬ್ಬರೂ ನಿಧಾನ ಬಿಟ್ಟು, ಆಚೆ ತುದಿಯಲ್ಲಿ ನಿಲ್ಲಿಸಿದೆವು.

ಇಳಿಯುವಷ್ಟರಲ್ಲಿ ಭೀಮವ್ವನ ಬಾಯಿ ಶುರುವಾಗಿತ್ತು. "ನೋಡ್ರಿ ಈ ಮಂದೀನ! ಸುಣ್ಣ ಆರಾಕ ಬಿಡ್ಲಿಲ್ಲ. ಬೆಳ್ಳಬೆಳಗ್ಗೆ ಉಜ್ಜಿ ತೊಳದ ಫರಸಿ! ತೊಳ್ಯಾಂವ ಯಾಂವ? ನಿಮ್ಮಪ್ಪ?"

ಹಸಿ ಸುಣ್ಣದ ಪಟ್ಟಿ ಗಾಲಿಯ ಒಂದೊಂದು ಸುತ್ತಿಗೂ ಕಲ್ಲಿನ ಮೇಲೆ ಒಂದೊಂದು ಬಿಳಿ ಮುದ್ರೆ ಒತ್ತಿತ್ತು. ನಮ್ಮಿಬ್ಬರ ಮುಂದಿನ ಗಾಲಿಗಳ ಎರಡು ಸಾಲು ಮುದ್ರೆಗಳು ಅಂಗಳದುದ್ದಕ್ಕೂ. ಭೀಮವ್ವ ಬೈಯುತ್ತಿದ್ದಳು, ನಾನು ಕೇಳುತ್ತಿರಲಿಲ್ಲ. ಮೊದಲ ಮುದ್ರೆ ಎರಡು ಸಾಲಿನಲ್ಲೂ ಅಕ್ಕಪಕ್ಕ. ಎರಡನೆಯದು ಅಯ್ಯಣ್ಣನದು ಒಂದು ಹಿಡಿಯಷ್ಟು ಹಿಂದೆ. ಮೂರನೆಯದು ಎರಡು ಹಿಡಿ. ಕಡೆಯ ಮುದ್ರೆ ಮಸುಕಾಗಿದ್ದರೂ ಕಾಣುತ್ತಿತ್ತು. ಅಲ್ಲಿಗೆ ಇಬ್ಬರ ಗಾಲಿಯೂ ಆರಾರು ಸುತ್ತು ಸುತ್ತಿದ್ದವು, ಆದರೆ ಅವನದು ನನ್ನದಕ್ಕಿಂತ ಒಂದೂವರೆ ಮೊಳ ಹಿಂದೆ ಉಳಿದಿತ್ತು.

ನಾನು ಕೂಗಿದ ಕೂಗಿಗೆ ಶಹಾಪುರದ ಗುಡ್ಡದ ಮೇಲಿನ ಮಂಗಗಳೆಲ್ಲ ಆಚೆಯ ಗೋಗಿ ಊರಿಗೆ ವಲಸೆ ಹೋದವು.

"ಭೀಮವ್ವಾ, ನೀರು ಹಾಕಬ್ಯಾಡ! ಹಾಕಿದ್ರ ನೋಡು! ಸಾಹೇಬ್ರ, ಬರ್ರಿಲ್ಲಿ!"

ಸಿಕಂದರಸಾಹೇಬರು ಬಂದರು. ಪರದೆಯ ಕಿಟಕಿಯೂ ತುಸು ತೆರೆಯಿತು.

"ಮೀಟರಿನ ತಂತಿ ಹಾದಿ ನೋಡ್ತದೇನ್ರಿ? ಅದಕ್ಕ ಕಣ್ಣದಾವೇನು? ಅದು ಎಂಜಿನ್ನಿನ ಹಿಂದಿನ ಗೇರ್ ಪೆಟ್ಟಿಗ್ಯಾಗ ಕೂತು ಸುತ್ತು ಎಣಸ್ತದ. ಇಷ್ಟು ಸುತ್ತಿಗಿ ಒಂದು ಮೈಲಿ ಅಂತ ಕಂಪನ್ಯಾಂವ ಎಂಟೂಕಾಲಿನ ಟೈರಿಗಿ ಕೂಡ್ರಿಸ್ಯಾನ. ಏಳೂವರಿ ಟೈರು ಅಗಲನೂ ಸಣ್ಣದು, ಎತ್ತರನೂ ಸಣ್ಣದು. ಸುತ್ತಿಗಿ ಕಮ್ಮಿ ಹಾದಿ ನಡೀತದ. ಅದೇ ಸುರಪುರ ಮುಟ್ಟಾಕ ಜಾಸ್ತಿ ಸುತ್ತಬೇಕು. ಮೀಟರ್ ಹುಚ್ಚಪ್ಪ ಜಾಸ್ತಿ ಹಾದಿ ಆತಂತ ತಿಳೀತದ. ಅಯ್ಯಣ್ಣ ಎಲ್ಲೂ ಹೋಗಿಲ್ರಿ. ಅವನ ಗಾಲಿ ನಿಂತಲ್ಲೇ ಹತ್ತಿಕುಣಿಗಿ ಹೋಗಿ ಬಂದದ!"

"ಸುಣ್ಣದ ಗುರುತು ನೋಡಿ ನಾ ಲೆಕ್ಕ ಮಾಡ್ಲಿ?" ಸಾಹೇಬರು ಮೂಗು ಮುರಿದರು. "ಅವ ಕ್ಲಚ್ ಒತ್ತ್ಯಾನ, ನೀ ಜಗ್ಗಿ. ಇದು ತಮಾಷಾ."

"ಹಂಗಾದ್ರ ಸರಕಾರ ಕಲ್ಲು ನೆಟ್ಟದ, ಅದನ್ನ ಕೇಳೂನು ಬರ್ರಿ. ನೀವು ಅಯ್ಯಣ್ಣನ ಗಾಡ್ಯಾಗ ಕೂಡ್ರಿ. ಇಲ್ಲಿಂದ ಸುರಪುರದ ಕಡಿ ಇಪ್ಪತ್ತು ಕಲ್ಲು. ಮೀಟರ್ ಮ್ಯಾಲ ಕಣ್ಣಿಡ್ರಿ. ಕಣ್ಣು ಪಿಳುಕಿಸಿದ್ರ ನಾ ಜವಾಬ್ದಾರ ಅಲ್ಲ."

"ಹಬ್ಬದ ದಿನ ಎಣ್ಣಿ ಸುಡಾಕ..."

"ಸಿಕಂದರ್," ಪರದೆಯ ಹಿಂದಿನಿಂದ ಬೇಗಮರ ದನಿ ಬಂತು, "ಒಬ್ಬರಿಗಿ ಚೋರ್ ಅಂದಮ್ಯಾಲ ಎಣ್ಣಿ ಲೆಕ್ಕ ನೋಡಬಾರ್ದು. ಹತ್ತು ಗಾಡಿ."

ಹೋದೆವು. ಒಂದೇ ಕಲ್ಲಿನ ಎದುರಿಂದ ಹೊರಟು, ಇಪ್ಪತ್ತು ಕಿಲೋಮೀಟರ್ ಎಣಿಸಿ ಒಂದೇ ಕಲ್ಲಿನ ಎದುರು ನಿಲ್ಲಿಸಿದೆವು. ನನ್ನ ಮೀಟರು ಹನ್ನೆರಡೂವರೆ ಮೈಲಿ ತೋರಿಸಿತು, ಗುಣಿಸಿದರೆ ಕಲ್ಲು ಹೇಳಿದಷ್ಟೇ. ಅಯ್ಯಣ್ಣನ ಗಾಡಿಯಿಂದ ಸಾಹೇಬರು ಬಹಳ ಹೊತ್ತು ಇಳಿಯಲಿಲ್ಲ. ನಾನು ಹೋಗಿ ಬಗ್ಗಿ ನೋಡಿದೆ. ಹದಿಮೂರು ಮೈಲಿ ದಾಟಿ, ಮೈಲಿಯ ಹತ್ತನೇ ಪಾಲಿನ ಮುಂದಿನ ಅಂಕಿ ಅರ್ಧ ಇಣುಕುತ್ತಿತ್ತು.

"ಈಗ ನಡುವ ಎಲ್ಲಿ ಕುರಿ ಹೇರಿದ್ನೋ ಅಯ್ಯಣ್ಣ?" ಎಂದೆ ನಾನು. "ಸಾಹೇಬ್ರ ತೊಡಿ ಮ್ಯಾಲ ಒಂದು ಹಿಕ್ಕಿನೂ ಬಿದ್ದಿಲ್ಲಲ್ಲ!"

ಅಯ್ಯಣ್ಣ ಮೊದಲ ಸಲ ಗಟ್ಟಿಯಾಗಿ ನಕ್ಕ. ಸಾಹೇಬರು ಇಳಿದು ಕಲ್ಲಿನ ಮೇಲೆ ಕೂತು ಲೆಕ್ಕ ಹೊಸದಾಗಿ ಮಾಡಿದರು. ಇಬ್ಬರೂ ಓಡಿದ್ದು ಹತ್ತು ಸಾವಿರವೇ. ಐದು ಗೆರೆಗೆ ಹತ್ತು ಸಾವಿರವಾದರೆ ಹನ್ನೆರಡು ಗೆರೆಗೆ ಇಪ್ಪತ್ನಾಲ್ಕು ಸಾವಿರ. ಇನ್ನೂರ ತೊಂಬತ್ತನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಹನ್ನೆರಡು ರೂಪಾಯಿ ಎಂಟು ಪೈಸೆ.

"ಎಂಟು ಪೈಸಾದಾಗ ಗೆದ್ದಿ," ಎಂದು ಸಾಹೇಬರು ಹಲ್ಲು ಕಡಿದರು. "ನಿನ್ನ ದಬ್ಬಣದ ಗೆರಿ ಕೂದಲೆಳಿಯಷ್ಟು ಆಕಡಿ ಈಕಡಿ ಆದ್ರ ಹೋತು."

ಅದು ನಿಜವೇ. ಆದರೆ ಗೆಲುವು ಗೆಲುವೇ. ನಾನು ಆ ಎಂಟು ಪೈಸೆಯನ್ನು ಸುರಪುರದ ಸಂಸ್ಥಾನ ಗೆದ್ದವನಂತೆ ಹೊತ್ತುಕೊಂಡು ಬಂದೆ. ಬೇಗಮರು ಕೇಳಿ ಹೇಳಿದರು: "ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಾಕ ಎಂಟೂಕಾಲು ನಾಕು ಸಲ ಕೊಳ್ಳಬೇಕು, ಸಾವಿರದ ನಾನೂರ ನಲವತ್ತು. ಏಳೂವರಿ ಐದು ಸಲ, ಸಾವಿರದ ನಾನೂರ ಐವತ್ತು. ಹತ್ತು ರೂಪಾಯಿ ಏನು ದೊಡ್ಡದಲ್ಲ. ಆದರ ಅಷ್ಟೇ ಚೀಲಾ ಹೊತ್ತು ಸಣ್ಣ ಟೈರ್ ಕಾಯ್ತದ, ದಮ್ಮು ಹತ್ತತದ. ಮುಂದ ಎರಡೂ ಗಾಡಿಗಿ ಎಂಟೂಕಾಲು. ಅಯ್ಯಣ್ಣ, ಇವು ಸವಿಯೂತನಕ ನಿನ್ನ ಗಾಡಿಗಿ ನಾಕು ಚೀಲ ಕಮ್ಮಿ ಹೇರು. ಕೀಲಿ ನಿನ್ನ ಹತ್ರನೇ ಇರ್ಲಿ."

ಅಯ್ಯಣ್ಣ ಕೈ ಮುಗಿದ. ಅವನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.

ದಸರೆಯ ಮರುದಿನ ಇಬ್ಬರೂ ಯಾದಗಿರಿಯ ಗೂಡ್ಸ್ ಶೆಡ್ಡಿಗೆ ಹೋದೆವು. ವ್ಯಾಗನ್ ಹಚ್ಚಿ ನಿಂತಿತ್ತು. ಹಮಾಲರು ಚೀಲ ಇಳಿಸಲು ಬಂದರು. ನಾನು ನನ್ನ ಗಾಡಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಯ್ಯಣ್ಣನನ್ನು ಎಳೆದು ಅವನ ಗಾಡಿಗೂ ಹಾಗೇ ನಿಲ್ಲಿಸಿದೆ.

"ಏನಿದು?" ಸಿಕಂದರಸಾಹೇಬರು ಓಡಿ ಬಂದರು. "ವ್ಯಾಗನ್ ಹೋಗ್ತದ!"

"ಹೋಗ್ಲಿ ಬಿಡ್ರಿ. ಇದೇ ಜಾಗಾದಾಗ, ಇದೇ ಹಮಾಲರ ಮುಂದ ಇವನಿಗಿ ಚೋರ್ ಅಂದ್ರಿ. ವಾಡೇದಾಗ ಬೇಗಂ ಅಮ್ಮಾಜಾನ್ ಕೀಲಿ ಕೊಟ್ರು, ಅದು ಅವರ ದೊಡ್ಡತನ. ನೀವು ಅಂದ ಮಾತು ಇಲ್ಲೇ ಬಿದ್ದದ. ನೀವೇ ಎತ್ತಬೇಕು."

"ಅಣ್ಣಾ, ಬಿಡು," ಎಂದ ಅಯ್ಯಣ್ಣ.

"ನೀ ಸುಮ್ಕಿರು. ನೀ ಕೋಳಿಗಿ ದಾರಿ ಬಿಡ್ತಿ, ಬಿಡು. ಇದಕ್ಕ ಬಿಡಬ್ಯಾಡ."

ಸಾಹೇಬರು ಕೆಂಪಾದರು. "ನಿನ್ನನ್ನ ಇವತ್ತೇ ಕೆಲಸದಿಂದ..."

"ತೆಗೀರಿ. ಇಲ್ಲಿಂದ ಮದ್ರಾಸಿನತನಕ ನನಗ ಗಾಡಿ ಕೊಡಾಂವ್ರು ನೂರು ಮಂದಿ ಅದಾರ." ಇದ್ದದ್ದು ಇಬ್ಬರೋ ಮೂವರೋ ಇರಬಹುದು. "ಆದರ ಮಾತು ಎತ್ತೂತನಕ ಒಂದು ಚೀಲ ಇಳಿಯಂಗಿಲ್ಲ."

ಹಮಾಲರ ಮುಖ್ಯಸ್ಥ ಮೌನಪ್ಪ ತನ್ನ ಕೊಕ್ಕೆಯನ್ನು ಹೆಗಲಿಗೇರಿಸಿ, "ನಮಗೂ ಅವಸರ ಇಲ್ಲ ಬಿಡ್ರಿ," ಎಂದು ಬೀಡಿ ಹಚ್ಚಿದ. ಅವನ ಹಿಂದೆ ಉಳಿದವರೂ ಕೂತರು. ರೈಲಿನ ಗಾರ್ಡು ಸಹ ಕತ್ತು ಚಾಚಿ ನೋಡತೊಡಗಿದ.

ಸಾಹೇಬರು ವ್ಯಾಗನ್ನನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅಯ್ಯಣ್ಣನನ್ನು ನೋಡಿದರು. ತುಟಿ ಅಲುಗಿಸಿ ಏನೋ ಅಂದರು.

"ಕೇಳ್ಸಿಲ್ರಿ!" ಎಂದ ಮೌನಪ್ಪ ಬೀಡಿಯ ಹೊಗೆಯೊಳಗಿಂದ.

"ಅಯ್ಯಣ್ಣ ಚೋರ್ ಅಲ್ಲ," ಎಂದರು ಸಾಹೇಬರು, ಈ ಸಲ ಶೆಡ್ಡಿನ ತಗಡು ನಡುಗುವಂತೆ. "ಲೆಕ್ಕ ನಂದು ತಪ್ಪು. ಮಾಫ್ ಮಾಡಪ್ಪ."

ಅಯ್ಯಣ್ಣ ಎದೆ ಸೆಟೆಸಿ ನಿಂತ. ನಾನು ಅವನನ್ನು ಹಾಗೆ ಕಂಡಿರಲೇ ಇಲ್ಲ. ಅವನು ಬಾಗಿಲ ಕೊಂಡಿ ತೆಗೆದು, ನಾನು ಕೂಡ ಬೆಚ್ಚಿ ಹಿಂದೆ ಸರಿಯುವಂತೆ ಅಬ್ಬರಿಸಿದ:

"ಏ ಮೌನಪ್ಪಾ, ಏನ್ ನೋಡಾಕತ್ತಿ? ಮೊದಲು ನನ್ನ ಗಾಡೀದು ಇಳಸು!"